ಹಬ್ಬದೂಟ ತಿಂದ ನಾಯಿಗೆ ನಿಲ್ಲದ ವಾಂತಿಯೇ? ಹೊಟ್ಟೆನೋವು ಗುರುತಿಸುವುದರಿಂದ ಹಿಡಿದು ಮತ್ತೆ ಊಟಕ್ಕೆ ಹಚ್ಚುವವರೆಗೆ

ಹೊಸತೊಡಕಿನ ಮಾರನೇ ದಿನ ನಮ್ಮ ಕ್ಲಿನಿಕ್ಕಿಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಡಾಕ್ಟ್ರೇ, ನಿನ್ನೆ ಮಟನ್ ತಿಂದಿದೆ, ರಾತ್ರಿಯಿಂದ ವಾಂತಿ. ಯಾವ ಮಾತ್ರೆ ಕೊಡ್ಲಿ?" ನಾನು ಮರುಪ್ರಶ್ನೆ ಕೇಳುತ್ತೇನೆ: ಹೊಟ್ಟೆ ನೋಯ್ತಿದೆಯಾ? ಬಹಳ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ. ನಾಯಿ ಕೂಗುತ್ತಿಲ್ಲವಲ್ಲ, ಹಾಗಾಗಿ ನೋವಿಲ್ಲ ಅಂತ ತಿಳಿದಿರುತ್ತಾರೆ.

ಎಲ್ಲರೂ ಎಡವುವುದು ಇಲ್ಲೇ. ಜಾಸ್ತಿ ತಿಂದು ಒಮ್ಮೆ ವಾಂತಿ ಮಾಡಿದ ನಾಯಿ ತಾನಾಗಿಯೇ ಸುಧಾರಿಸಿಕೊಳ್ಳಬಹುದು. ವಾಂತಿಯ ಜೊತೆ ಹೊಟ್ಟೆನೋವೂ ಇದ್ದರೆ ಅದು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಅದಕ್ಕೆ ಮನೆಯಲ್ಲಿ ಕೊಡುವಂಥ ಮಾತ್ರೆ ಇಲ್ಲ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ನೋವನ್ನು ಗುರುತಿಸುವುದರ ಬಗ್ಗೆಯೇ ಇದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾಕೆಂದರೆ ಮೊದಲ ಹಂತ ತಪ್ಪಿದರೆ ಮುಂದಿನವು ಕೆಡುತ್ತವೆ.

ಉದಾಹರಣೆಗೆ ಮಂಡ್ಯ ಕಡೆಯ ಒಂದು ಮನೆಯ ಜೂಲಿಯನ್ನು ಜೊತೆಗೆ ಇಟ್ಟುಕೊಳ್ಳೋಣ. ಎಂಟು ವರ್ಷದ ಹೆಣ್ಣು ಲ್ಯಾಬ್ರಡಾರ್. ಇರಬೇಕಾದ ತೂಕ 28 ಕೆಜಿ, ಇದ್ದದ್ದು 34.

## ಹೊಟ್ಟೆಯೊಳಗೆ ಆಗುವುದೇನು

ಮೇದೋಜೀರಕ ಗ್ರಂಥಿ ಜಠರದ ಕೆಳಗೆ, ಸಣ್ಣ ಕರುಳಿನ ಮೊದಲ ಭಾಗಕ್ಕೆ ಅಂಟಿಕೊಂಡಂತೆ ಇದೆ. ಕೊಬ್ಬು ಮತ್ತು ಪ್ರೋಟೀನು ಕರಗಿಸುವ ರಸ ತಯಾರಾಗುವುದು ಅಲ್ಲಿ. ಈ ರಸ ಕರುಳಿಗೆ ಇಳಿದ ಮೇಲೆ ಚುರುಕಾಗಬೇಕು. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಅದು ಗ್ರಂಥಿಯ ಒಳಗೇ ಚುರುಕಾಗಿಬಿಡುತ್ತದೆ. ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳಲು ಶುರು ಮಾಡುತ್ತದೆ, ಊದುತ್ತದೆ, ಸುತ್ತಲಿನ ಜಾಗಕ್ಕೂ ಉರಿ ಹರಡುತ್ತದೆ. ಜೋರಾದರೆ ಇಡೀ ಮೈಯ ರಕ್ತಸಂಚಾರ ಏರುಪೇರಾಗುತ್ತದೆ. ನಾಯಿ ಸಾಯುವುದೂ ಉಂಟು.

ಒಂದೇ ಸಲ ಸಿಕ್ಕಾಪಟ್ಟೆ ಜಿಡ್ಡು ತಿನ್ನುವುದು ಇದಕ್ಕೆ ಗೊತ್ತಿರುವ ಕಾರಣಗಳಲ್ಲಿ ಒಂದು. ತಿಂದ ನಾಯಿಗಳಿಗೆಲ್ಲ ಬರುವುದಿಲ್ಲ. ದಪ್ಪಗಿರುವವು, ವಯಸ್ಸಾಗುತ್ತಿರುವವು, ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿರುವವು, ಸಕ್ಕರೆ ಕಾಯಿಲೆ ಇರುವವು ಬೇಗ ಸಿಕ್ಕಿಬೀಳುತ್ತವೆ. ತಳಿಗಳಲ್ಲಿ ಮಿನಿಯೇಚರ್ ಶ್ನಾಜರ್, ಯಾರ್ಕ್‌ಶೈರ್ ಟೆರಿಯರ್, ಕಾಕರ್ ಸ್ಪ್ಯಾನಿಯಲ್‌ಗಳಿಗೆ ಅಪಾಯ ಜಾಸ್ತಿ. ಪಕ್ಕದ ಮನೆಯ ನಾಯಿ ಅದನ್ನೇ ತಿಂದು ಚೆನ್ನಾಗಿದೆ ಅನ್ನುವುದು ನಿಮ್ಮ ನಾಯಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಾಂಸ ಮಾಡದ ಮನೆಯವರೂ ಓದಿ. ತುಪ್ಪ ಸುರಿದ ಹೋಳಿಗೆ, ಕರಿದ ಬೋಂಡ, ಬಾಣಲೆಯ ತಳದ ಎಣ್ಣೆ ಕೂಡ ಜಿಡ್ಡೇ ಅಲ್ವಾ.

## ಕೈಗೆ ಸಿಗುವಂತೆ ಇರಲಿ

ಡಿಜಿಟಲ್ ಥರ್ಮಾಮೀಟರ್ (ನಾಯಿಗೆಂದೇ ಬೇರೆ ಇಡಿ), ಸ್ವಲ್ಪ ವ್ಯಾಸಲೀನ್, ಟಾರ್ಚ್, ಬರೆದುಕೊಳ್ಳಲು ಫೋನು, ಒಂದು ಗಟ್ಟಿ ಬೆಡ್‌ಶೀಟ್. ಇವೆಲ್ಲ ಮನೆಯಲ್ಲೇ ಇರುತ್ತವೆ.

ಇಲ್ಲದೇ ಇರುವುದು ಹಬ್ಬದ ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರು. ಹಬ್ಬಕ್ಕೆ ಎರಡು ದಿನ ಮೊದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, "ಅವತ್ತು ರಾತ್ರಿ ನೀವು ಇರ್ತೀರಾ, ಇಲ್ಲದಿದ್ದರೆ ಎಲ್ಲಿಗೆ ಹೋಗಲಿ, ಅಲ್ಲಿ ಡ್ರಿಪ್ ಹಾಕ್ತಾರಾ" ಎಂದು ಕೇಳಿಟ್ಟುಕೊಳ್ಳಿ. ಮೂರನೇ ಪ್ರಶ್ನೆ ಮುಖ್ಯ. ಬರೀ ಇಂಜೆಕ್ಷನ್ ಚುಚ್ಚಿ ಕಳಿಸುವ ಜಾಗ ಈ ಕಾಯಿಲೆಗೆ ಸಾಲದು.

## ಹಂತ 1: ಊಟ ಎತ್ತಿಡಿ, ಔಷಧಿ ಡಬ್ಬಿ ಮುಚ್ಚಿ

ಮೊದಲ ವಾಂತಿ ಆದ ತಕ್ಷಣ ಊಟದ ತಟ್ಟೆ ಎತ್ತಿ. ಬಿಸ್ಕತ್ತು, ಹಾಲು, ಮೊಸರನ್ನ ಯಾವುದೂ ಬೇಡ. "ಹೊಟ್ಟೆ ಖಾಲಿಯಾಗಿದೆ ಪಾಪ" ಎಂದು ಅಜ್ಜಿಯೋ ಅಮ್ಮನೋ ಏನಾದರೂ ಇಡುತ್ತಾರೆ, ಅದರಿಂದ ಇನ್ನೊಂದು ವಾಂತಿ ಗ್ಯಾರಂಟಿ. ಮನೆಯವರಿಗೆಲ್ಲ ಹೇಳಿಬಿಡಿ.

ನೀರನ್ನು ಪೂರ್ತಿ ನಿಲ್ಲಿಸಬೇಡಿ, ಆದರೆ ತುಂಬಿದ ಬಟ್ಟಲು ಇಡಬೇಡಿ. ಬಾಯಾರಿದ ನಾಯಿ ಗಟಗಟ ಕುಡಿದು ಅಷ್ಟನ್ನೂ ಕಕ್ಕುತ್ತದೆ. ಲ್ಯಾಬ್ ಗಾತ್ರದ ನಾಯಿಗೆ ಅರ್ಧ ಗಂಟೆಗೊಮ್ಮೆ ಕಾಲು ಲೋಟ, ಪೊಮೆರೇನಿಯನ್ ಗಾತ್ರದ್ದಕ್ಕೆ ಒಂದೆರಡು ಚಮಚ. ಅಷ್ಟು ನೀರನ್ನೂ ವಾಂತಿ ಮಾಡಿದರೆ ಇನ್ನೇನೂ ಬಾಯಿಗೆ ಹಾಕದೆ ನೇರವಾಗಿ ಹಂತ 7ಕ್ಕೆ ಬನ್ನಿ.

ಇನ್ನು ಔಷಧಿ. ನಮ್ಮ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ. ವಾಂತಿಯಿಂದ ನೀರಿನಂಶ ಕಡಿಮೆಯಾದ ನಾಯಿಗೆ ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್‌ನಿಂದ ಲಿವರ್‌ಗೆ ಪೆಟ್ಟು ಬೀಳಬಹುದು. ಮಕ್ಕಳ ವಾಂತಿ ಸಿರಪ್ಪುಗಳಲ್ಲಿ ಕೆಲವು ಕರುಳನ್ನು ಜೋರಾಗಿ ಚಲಿಸುವಂತೆ ಮಾಡುವ ಔಷಧಿಗಳು. ನಾಯಿ ಮೂಳೆ ನುಂಗಿ ಕರುಳು ಕಟ್ಟಿಕೊಂಡಿದ್ದರೆ ಅವು ಅಪಾಯ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ, ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಹರಳೆಣ್ಣೆ, ತುಪ್ಪ ನೆಕ್ಕಿಸುವವರಿದ್ದಾರೆ. ಜಿಡ್ಡಿನಿಂದ ಬಂದ ಕಾಯಿಲೆಗೆ ಮತ್ತೆ ಜಿಡ್ಡು ಕೊಟ್ಟಂತಾಗುತ್ತದೆ.

## ಹಂತ 2: ಏನು ತಿಂದಿತು, ಎಷ್ಟು ಹೊತ್ತಿಗೆ

ಇದನ್ನು ಊಹೆಯಿಂದ ಬರೆಯಬೇಡಿ. ಕಸದ ಬುಟ್ಟಿ ನೋಡಿ, ಹಿತ್ತಲಿನಲ್ಲಿ ಬಿಸಾಡಿದ ಎಲೆಗಳನ್ನು ನೋಡಿ, ಬಂದಿದ್ದ ನೆಂಟರಿಗೂ ಕೇಳಿ. ಜೂಲಿಯ ಮನೆಯಲ್ಲಿ ಮೊದಲು ಸಿಕ್ಕ ಉತ್ತರ "ಎರಡು ಪೀಸು ಕೊಟ್ವಿ ಅಷ್ಟೆ". ಒಬ್ಬೊಬ್ಬರನ್ನೇ ಕೇಳಿದಾಗ ಅಳಿಯ ಎರಡು ಪೀಸು, ಮಕ್ಕಳು ಬಿಡಿಸಿಟ್ಟ ಕೊಬ್ಬಿನ ತುಂಡುಗಳು, ಕೊನೆಗೆ ಅಡುಗೆಯವರು ಸಾರಿನ ಪಾತ್ರೆಯ ಮೇಲಿನ ಎಣ್ಣೆ ಕಲಸಿದ ಒಂದು ಬಟ್ಟಲು ಅನ್ನ. ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು.

100 ಗ್ರಾಂ ಶುದ್ಧ ಕೊಬ್ಬಿನಲ್ಲಿ ಸುಮಾರು 900 ಕ್ಯಾಲೊರಿ ಇದೆ. ಜೂಲಿ ಗಾತ್ರದ ನಾಯಿ ಸುಮ್ನೆ ಮಲಗಿರುವ ದಿನಕ್ಕೆ ಬೇಕಾಗುವುದೇ ಸುಮಾರು 850. ಎಲ್ಲರೂ "ಒಂದು ಚೂರು" ಕೊಟ್ಟ ಕೊಬ್ಬು ಸೇರಿದರೆ 100 ಗ್ರಾಂ ದಾಟುವುದು ಕಷ್ಟವೇನಲ್ಲ.

ಮೂಳೆ ನುಂಗಿದೆಯಾ, ಈರುಳ್ಳಿ ಬೆಳ್ಳುಳ್ಳಿ ಮಸಾಲೆ ತಿಂದಿದೆಯಾ, ಪಾಯಸದ ದ್ರಾಕ್ಷಿ ಅಥವಾ ಚಾಕೊಲೇಟ್ ಸಿಕ್ಕಿದೆಯಾ ಎಂಬುದನ್ನೂ ಬರೆದುಕೊಳ್ಳಿ. ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿ ಕೆಡಿಸುತ್ತದೆ. ತಿಂದಿದ್ದು ಖಚಿತವಾದರೆ ಲಕ್ಷಣಕ್ಕೆ ಕಾಯದೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ.

ಪ್ಯಾಂಕ್ರಿಯಾಟೈಟಿಸ್ ತಿಂದ ಕೂಡಲೇ ಶುರುವಾಗಬೇಕು ಅಂತೇನೂ ಇಲ್ಲ. ಕೆಲವು ಗಂಟೆಗಳಲ್ಲೂ ಬರಬಹುದು, ಎರಡು ಮೂರು ದಿನ ಬಿಟ್ಟೂ ಬರಬಹುದು. "ಹಬ್ಬ ಮೊನ್ನೆನೇ ಮುಗೀತಲ್ಲ" ಎಂದು ಅದನ್ನು ಲೆಕ್ಕದಿಂದ ಬಿಡಬೇಡಿ.

## ಹಂತ 3: ವಾಂತಿಯನ್ನು ನೋಡಿ, ಒರೆಸುವ ಮೊದಲು ಫೋಟೋ ತೆಗೆಯಿರಿ

ಹೊಟ್ಟೆ ಹಿಂಡಿಕೊಂಡು, ಪಕ್ಕೆ ಒಳಕ್ಕೆಳೆದು ಕಕ್ಕಿದರೆ ಅದು ವಾಂತಿ. ಮೊದಲ ಸಲ ಊಟವೇ ಬರುತ್ತದೆ. ಆಮೇಲೆ ಬಿಳಿ ನೊರೆ, ನಂತರ ಹಳದಿ ಪಿತ್ತ. ಹೊಟ್ಟೆ ಖಾಲಿಯಾದ ಮೇಲೂ ನಿಲ್ಲದೆ ಹಳದಿ ನೀರು ಬರುತ್ತಿದ್ದರೆ, ಅದು ಜಾಸ್ತಿ ತಿಂದದ್ದನ್ನು ಹೊರಹಾಕುವ ಸಾಧಾರಣ ವಾಂತಿ ಅಲ್ಲ. ಪ್ರತಿ ವಾಂತಿಯ ಹೊತ್ತು ಬರೆದಿಡಿ. ಜೂಲಿಯದು ಹೀಗಿತ್ತು: ರಾತ್ರಿ 9ಕ್ಕೆ ಊಟ ಮೂಸಿ ಬಿಟ್ಟಳು. 11ಕ್ಕೆ ಅನ್ನ ಮತ್ತು ಕೊಬ್ಬಿನ ತುಂಡು. 2 ಗಂಟೆಗೆ ನೊರೆ. 4ಕ್ಕೆ ಹಳದಿ ನೀರು. 5ಕ್ಕೆ ನೀರು ಕುಡಿದು ಹತ್ತು ನಿಮಿಷಕ್ಕೆ ಅದೂ ಹೊರಗೆ.

ರಕ್ತದ ಗೆರೆ, ಕಾಫಿ ಪುಡಿಯಂಥ ಕಪ್ಪು ಚೂರು ಕಂಡರೆ ಜಠರದಲ್ಲಿ ರಕ್ತ ಸೋರುತ್ತಿದೆ ಎಂದರ್ಥ. ಅಲ್ಲಿಗೆ ಮನೆಯ ಪರೀಕ್ಷೆ ಸಾಕು, ಹೊರಡಿ.

ಇಲ್ಲೊಂದು ಪ್ರತ್ಯೇಕ ಎಚ್ಚರಿಕೆ. ನಾಯಿ ಮತ್ತೆ ಮತ್ತೆ ಓಕರಿಸುತ್ತಿದೆ, ಆದರೆ ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬಿ ಬಿಗಿಯಾಗಿದೆ ಅಂದರೆ ಅದು ಜಠರ ತಿರುಚಿಕೊಂಡಿರುವ ಲಕ್ಷಣ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಎದೆ ಆಳವಿರುವ ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಆಪರೇಷನ್ ಮಾಡುವ ಆಸ್ಪತ್ರೆಗೇ ನೇರ ಒಯ್ಯಿರಿ.

## ಹಂತ 4: ಮುಟ್ಟದೆ, ದೂರದಿಂದ ನೋವು ನೋಡಿ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಹಂತ ಇದೇ. ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತು, ನಾಯಿಯನ್ನು ಕರೆಯದೆ, ಹತ್ತು ನಿಮಿಷ ಸುಮ್ಮನೆ ನೋಡಿ. ನೀವು ಮಾತಾಡಿಸಿದರೆ ನೋವಿದ್ದರೂ ಬಾಲ ಆಡಿಸುತ್ತದೆ, ಅದನ್ನು ನೋಡಿ ನೀವು ಮೋಸ ಹೋಗುತ್ತೀರಿ.

ಮೊದಲು ಬೆನ್ನು ನೋಡಿ. ಹೊಟ್ಟೆ ನೋಯುವ ನಾಯಿ ನಿಂತಾಗ ಬೆನ್ನನ್ನು ಮೇಲಕ್ಕೆ ಬಿಲ್ಲಿನಂತೆ ಬಾಗಿಸಿ, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಡಿಗೆ ಗಿಡ್ಡ ಹೆಜ್ಜೆಯದಾಗುತ್ತದೆ. ಮೆಟ್ಟಿಲು ಇಳಿಯಲು, ಸೋಫಾ ಹತ್ತಲು ಹಿಂಜರಿಯುತ್ತದೆ.

ಆಮೇಲೆ ಮಲಗುವ ರೀತಿ. ಒಂದು ಸುತ್ತು ಸುತ್ತಿ ಮಲಗಲು ಹೋಗುತ್ತದೆ, ಅರ್ಧಕ್ಕೇ ಎದ್ದು ಜಾಗ ಬದಲಾಯಿಸುತ್ತದೆ. ತಣ್ಣಗಿನ ನೆಲ ಹುಡುಕಿ ಹೊಟ್ಟೆ ಒತ್ತಿಕೊಂಡು ಮಲಗುವುದೂ ಉಂಟು. ಸೆಖೆಯಿಲ್ಲದಿದ್ದರೂ ಏದುಸಿರು, ತುಟಿ ನೆಕ್ಕಿಕೊಳ್ಳುವುದು, ಜೊಲ್ಲು, ಮೈ ನಡುಕ ಇವೂ ನೋವಿನ ಅಥವಾ ಹೊಟ್ಟೆ ತೊಳಸುವುದರ ಗುರುತುಗಳು.

ಮೂರನೆಯದು, ನಮಸ್ಕಾರ ಹಾಕಿದಂಥ ಭಂಗಿ. ಮುಂಗಾಲು ಮತ್ತು ಎದೆ ನೆಲಕ್ಕೆ, ಹಿಂಭಾಗ ಮೇಲೆ. ಜೂಲಿ ಬೆಳಗಿನ ಜಾವ ಅಡುಗೆಮನೆ ಬಾಗಿಲಲ್ಲಿ ಹೀಗೇ ನಿಂತಿದ್ದಳು. ಮನೆಯವರು ಆಟಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡರು. ವ್ಯತ್ಯಾಸ ಗುರುತಿಸುವುದು ಸುಲಭ. ಆಟದ ನಾಯಿ ಒಂದೆರಡು ಕ್ಷಣ ಬಗ್ಗಿ ಚಂಗನೆ ಹಾರುತ್ತದೆ, ಬಾಲ ಆಡುತ್ತಿರುತ್ತದೆ, ಕಣ್ಣು ನಿಮ್ಮ ಮೇಲಿರುತ್ತದೆ. ನೋವಿನ ನಾಯಿ ಅದೇ ಭಂಗಿಯಲ್ಲಿ ನಿಂತೇ ಇರುತ್ತದೆ, ತಲೆ ತಗ್ಗಿರುತ್ತದೆ, ನೋಟ ಎಲ್ಲೂ ನೆಟ್ಟಿರುವುದಿಲ್ಲ, ಮತ್ತೆ ಮತ್ತೆ ಅದೇ ಭಂಗಿಗೆ ಬರುತ್ತದೆ. ಒಂದು ಸಣ್ಣ ವಿಡಿಯೋ ತೆಗೆದಿಡಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ನೋವನ್ನು ಮುಚ್ಚಿಡಬಹುದು, ಆಗ ಆ ವಿಡಿಯೋ ಡಾಕ್ಟರಿಗೆ ನಿಜ ತೋರಿಸುತ್ತದೆ.

ಈ ಭಂಗಿ ಕಾಣದಿದ್ದರೆ ನೋವಿಲ್ಲ ಎಂದಲ್ಲ. ಪ್ಯಾಂಕ್ರಿಯಾಟೈಟಿಸ್ ಇರುವ ಎಷ್ಟೋ ನಾಯಿಗಳು ಇದನ್ನು ತೋರಿಸುವುದೇ ಇಲ್ಲ. ಮೂಲೆ ಸೇರಿ ಮಂಕಾಗಿ ಮಲಗಿಬಿಡುತ್ತವೆ. ಊಟದ ಹೆಸರು ಹೇಳಿದರೆ ಓಡಿಬರುತ್ತಿದ್ದ ನಾಯಿ ತಲೆ ಎತ್ತದಿದ್ದರೆ, ಅದನ್ನೂ ನೋವಿನ ಲೆಕ್ಕಕ್ಕೇ ಹಾಕಿ.

## ಹಂತ 5: ಮೆಲ್ಲಗೆ ಕೈಯಿಟ್ಟು ನೋಡಿ

ನಾಯಿ ನಿಂತಿರಲಿ. ಒಬ್ಬರು ತಲೆಯ ಹತ್ತಿರ ಕೂತು ಸಮಾಧಾನ ಮಾಡಲಿ. ನೀವು ಪಕ್ಕದಲ್ಲಿ ಕೂತು, ಎರಡೂ ಅಂಗೈಯನ್ನು ಹೊಟ್ಟೆಯ ಎರಡು ಬದಿಗೆ ಚಪ್ಪಟೆಯಾಗಿ ಇಡಿ. ಬೆರಳ ತುದಿಯಿಂದ ಚುಚ್ಚಬೇಡಿ. ಹಿಂಗಾಲಿನ ಕಡೆಯಿಂದ ಶುರುಮಾಡಿ, ಅಲ್ಲಿ ನೋವು ಕಡಿಮೆ ಇರುತ್ತದೆ, ನಾಯಿ ಒಗ್ಗಿಕೊಳ್ಳುತ್ತದೆ. ಹಗುರವಾಗಿ ಒಳಕ್ಕೆ ಒತ್ತುತ್ತಾ ಮುಂದೆ ಬನ್ನಿ. ಪಕ್ಕೆಲುಬು ಮುಗಿಯುವ ಜಾಗದ ಹಿಂದೆ, ಅದರಲ್ಲೂ ನಾಯಿಯ ಬಲಗಡೆ, ಗಮನವಿಡಿ.

ಆರೋಗ್ಯದ ನಾಯಿಯ ಹೊಟ್ಟೆ ಮೆತ್ತಗೆ ಒಳಗೆ ಹೋಗುತ್ತದೆ. ನೋವಿದ್ದರೆ ಕೈ ಇಟ್ಟ ಕೂಡಲೇ ಹೊಟ್ಟೆ ಹಲಗೆಯಂತೆ ಬಿಗಿಯಾಗುತ್ತದೆ. ಉಸಿರು ಹಿಡಿಯುವುದು, ಸಣ್ಣಗೆ ಮುಲುಗುವುದು, ತಿರುಗಿ ನಿಮ್ಮ ಕೈ ನೋಡುವುದು, ಹಿಂಭಾಗ ಕುಸಿದು ತಪ್ಪಿಸಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಅಲ್ಲಿಗೆ ನಿಲ್ಲಿಸಿ. ಎಲ್ಲರೂ ಸರದಿಯಲ್ಲಿ ಒತ್ತಿ ನೋಡುವುದು ಬೇಡ. ನೋವಿನಲ್ಲಿ ತೀರಾ ಸಾಧು ನಾಯಿಯೂ ಕಚ್ಚಬಹುದು, ಹಾಗಾಗಿ ಮಕ್ಕಳನ್ನು ದೂರ ಇಡಿ. ವಾಂತಿ ಮಾಡುವ ನಾಯಿಗೆ ಬಾಯಿ ಕಟ್ಟಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ.

ದಪ್ಪ ನಾಯಿಯಲ್ಲಿ ಈ ಪರೀಕ್ಷೆ ಅಷ್ಟು ನಂಬುವಂಥದಲ್ಲ. ಕೊಬ್ಬಿನ ಪದರದ ಮೇಲಿಂದ ಬಿಗಿತ ಕೈಗೆ ಗೊತ್ತಾಗುವುದಿಲ್ಲ. ಜೂಲಿಯ ಹೊಟ್ಟೆ ಮುಟ್ಟಿದಾಗ ಮನೆಯವರಿಗೆ ಏನೂ ತಿಳಿಯಲಿಲ್ಲ, ಭಂಗಿಯೇ ಸುಳಿವು ಕೊಟ್ಟಿದ್ದು.

## ಹಂತ 6: ಒಸಡು ಮತ್ತು ಜ್ವರ

ಮೇಲ್ತುಟಿ ಎತ್ತಿ, ಕೋರೆಹಲ್ಲಿನ ಮೇಲಿನ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಒದ್ದೆ, ಜಾರುವಂತಿರಬೇಕು. ಬೆರಳು ಅಂಟಿಕೊಂಡಂತಾದರೆ ನೀರಿನಂಶ ಇಳಿಯುತ್ತಿದೆ. ಈಗ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಡವಾದರೆ, ಇಲ್ಲವೇ ಒಸಡು ಬಿಳಿಚಿಕೊಂಡಿದ್ದರೆ ಅಥವಾ ಇಟ್ಟಿಗೆಯಂತೆ ಕೆಂಪಾಗಿದ್ದರೆ ರಕ್ತಸಂಚಾರ ಕುಸಿಯುತ್ತಿದೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅಂಥವುಗಳಲ್ಲಿ ಕೆಳಗಿನ ಕಣ್ಣುರೆಪ್ಪೆಯ ಒಳಭಾಗದ ಬಣ್ಣ ನೋಡಿ.

ಥರ್ಮಾಮೀಟರಿಗೆ ವ್ಯಾಸಲೀನ್ ಹಚ್ಚಿ ಗುದದೊಳಗೆ ಒಂದು ಇಂಚಿನಷ್ಟು ಇಟ್ಟು ನೋಡಬೇಕು. ನಾಯಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮೂಗು ಮುಟ್ಟಿ ಜ್ವರ ಹೇಳಲು ಬರುವುದಿಲ್ಲ. 103 ದಾಟಿದ್ದರೆ ಬರೆದಿಡಿ. 99ಕ್ಕಿಂತ ಕೆಳಗಿದ್ದರೆ ಅದು ಜ್ವರಕ್ಕಿಂತ ಕೆಟ್ಟ ಸೂಚನೆ, ನಾಯಿ ಶಾಕ್‌ಗೆ ಹೋಗುತ್ತಿರಬಹುದು. ನಾಯಿ ತೀರಾ ಒದ್ದಾಡಿದರೆ ಜ್ವರ ನೋಡುವುದನ್ನು ಬಿಟ್ಟುಬಿಡಿ, ಆಸ್ಪತ್ರೆಯಲ್ಲಿ ನೋಡುತ್ತಾರೆ.

## ಹಂತ 7: ಹೊರಡಬೇಕೋ, ಕಾಯಬಹುದೋ

ಇಷ್ಟೆಲ್ಲ ನೋಡಲು ಅರ್ಧ ಗಂಟೆ ಸಾಕು. ಈಗ ತೀರ್ಮಾನ.

ಈಗಲೇ, ಮಧ್ಯರಾತ್ರಿಯಾದರೂ ಹೊರಡಬೇಕಾದ್ದು: ಎದ್ದು ನಿಲ್ಲಲಾಗದ ನಾಯಿ, ಒಸಡು ಬಿಳಿಚಿಕೊಂಡಿರುವುದು, ವಾಂತಿಯಲ್ಲಿ ಅಥವಾ ಭೇದಿಯಲ್ಲಿ ರಕ್ತ, ಉಬ್ಬಿದ ಹೊಟ್ಟೆ, ಕುಡಿದ ನೀರೂ ನಿಲ್ಲದಿರುವುದು, ಹೊಟ್ಟೆನೋವು ಸ್ಪಷ್ಟವಾಗಿದ್ದು ಎರಡಕ್ಕಿಂತ ಹೆಚ್ಚು ಸಲ ವಾಂತಿ. ಮರಿಗಳು, ತೀರಾ ಚಿಕ್ಕ ತಳಿಗಳು, ಇನ್ಸುಲಿನ್ ತೆಗೆದುಕೊಳ್ಳುವ ನಾಯಿಗಳು ಕೂಡ ಇದೇ ಗುಂಪಿಗೆ ಸೇರಿದವು. ಇವುಗಳನ್ನು ಉಪವಾಸ ಕೆಡವಿ ಕಾಯಬಾರದು. ಲಸಿಕೆ ಹಾಕಿಸದ ಮರಿಯ ವಾಂತಿಗೆ ಹಬ್ಬದೂಟ ಕಾರಣ ಎಂದುಕೊಳ್ಳಲೇಬೇಡಿ, ಪಾರ್ವೊ ಎಂಬ ವೈರಸ್ ಕಾಯಿಲೆ ಇರಬಹುದು.

ಅವತ್ತೇ ತೋರಿಸಬೇಕಾದ್ದು: ವಾಂತಿ ನಿಂತಿದೆ, ಆದರೆ ನಾಯಿ ಮಂಕು, ಮುಂದಿನ ಊಟ ಮುಟ್ಟುತ್ತಿಲ್ಲ, ಬೆನ್ನು ಬಾಗಿದೆ. "ವಾಂತಿ ನಿಂತಿತಲ್ಲ" ಎಂದು ಬಿಟ್ಟವರೇ ಮೂರನೇ ದಿನ ತೀರಾ ಕೆಟ್ಟ ಸ್ಥಿತಿಯ ನಾಯಿ ತರುತ್ತಾರೆ.

ಮನೆಯಲ್ಲಿ ನೋಡಬಹುದಾದ್ದು: ದೊಡ್ಡ ನಾಯಿ, ಒಂದೇ ವಾಂತಿ, ನೀರು ನಿಂತಿದೆ, ಹೊಟ್ಟೆ ಮೆತ್ತಗಿದೆ, ಬಾಲ ಆಡಿಸಿಕೊಂಡು ಓಡಾಡುತ್ತಿದೆ. ಒಂದು ಹೊತ್ತಿನ ಊಟ ತಪ್ಪಿಸಿ, ಹಂತ 4 ಮತ್ತು 6ನ್ನು ಮೂರು ಗಂಟೆಗೊಮ್ಮೆ ಮತ್ತೆ ಮಾಡಿ.

ಜೂಲಿಗೆ ನೀರು ನಿಲ್ಲಲಿಲ್ಲ, ಭಂಗಿ ಇತ್ತು, ಒಸಡು ಅಂಟುತ್ತಿತ್ತು. ಬೆಳಗ್ಗೆ ಏಳಕ್ಕೆ ಕರೆತಂದರು.

## ಹಂತ 8: ಒಯ್ಯುವಾಗ

ಹೊರಡುವ ಮೊದಲು ಫೋನ್ ಮಾಡಿ. ದೊಡ್ಡ ನಾಯಿಯನ್ನು ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಬೇಡಿ. ಬೆಡ್‌ಶೀಟ್ ಹಾಸಿ ಅದರ ಮೇಲೆ ಮಲಗಿಸಿ ಇಬ್ಬರು ನಾಲ್ಕು ಮೂಲೆ ಹಿಡಿದು ಎತ್ತಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡರೆ ಹೊಟ್ಟೆ ಅದುಮುತ್ತದೆ. ಆಟೋ ಮಾಡಿ.

ಡಾಕ್ಟರಿಗೆ ಹೇಳುವಾಗ ಈ ಕ್ರಮ ಸಾಕು: ಏನು ತಿಂದಿತು, ಯಾವಾಗ, ಮೊದಲ ವಾಂತಿ ಎಷ್ಟು ಹೊತ್ತಿಗೆ, ಒಟ್ಟು ಎಷ್ಟು ಸಲ, ನೋವಿನ ವಿಡಿಯೋ, ನೀವು ಈಗಾಗಲೇ ಕೊಟ್ಟ ಮಾತ್ರೆ, ದಿನವೂ ನಡೆಯುತ್ತಿರುವ ಔಷಧಿ. ಕೊನೆಯದನ್ನು ಜನ ಮರೆಯುತ್ತಾರೆ. ಫಿಟ್ಸ್‌ಗೆ ಕೊಡುವ ಫೀನೋಬಾರ್ಬಿಟಾಲ್, ಪೊಟ್ಯಾಸಿಯಂ ಬ್ರೋಮೈಡ್ ತೆಗೆದುಕೊಳ್ಳುವ ನಾಯಿಗಳಿಗೆ ಪ್ಯಾಂಕ್ರಿಯಾಟೈಟಿಸ್ ಅಪಾಯ ಹೆಚ್ಚು. ನೀವೇ ಏನಾದರೂ ಮಾತ್ರೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಯಾರೂ ಬೈಯಲು ಕೇಳುವುದಲ್ಲ, ಮುಂದೆ ಯಾವ ಇಂಜೆಕ್ಷನ್ ಕೊಡಬಾರದು ಎಂದು ತಿಳಿಯಲು ಕೇಳುತ್ತಾರೆ.

## ಹಂತ 9: ಆಸ್ಪತ್ರೆಯಲ್ಲಿ ಏನು ನಿರೀಕ್ಷಿಸಬೇಕು

ಎಕ್ಸ್‌ರೇ ಯಾಕೆ ಎಂದು ಕೆಲವರು ತಕರಾರು ಮಾಡುತ್ತಾರೆ. ಮೇದೋಜೀರಕ ಗ್ರಂಥಿಯನ್ನು ನೋಡಲು ಅಲ್ಲ, ಕರುಳಿನಲ್ಲಿ ಮೂಳೆ ಸಿಕ್ಕಿದೆಯೇ ಎಂದು ನೋಡಲು. ಎರಡರ ಲಕ್ಷಣವೂ ಒಂದೇ, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಗ್ರಂಥಿಯ ಊತ ನೋಡಲು ಅಲ್ಟ್ರಾಸೌಂಡ್ ಬೇಕು.

ರಕ್ತ ಪರೀಕ್ಷೆಯಲ್ಲಿ ಜೀರ್ಣರಸದ ಅಂಶಗಳಾದ ಅಮೈಲೇಸ್, ಲೈಪೇಸ್‌ಗಳ ಸಾಮಾನ್ಯ ಪರೀಕ್ಷೆ ಮಾತ್ರ ಮಾಡಿದ್ದರೆ ಅದರಿಂದ ಪಕ್ಕಾ ಉತ್ತರ ಸಿಗುವುದಿಲ್ಲ. ನಾಯಿಯ ಮೇದೋಜೀರಕ ಗ್ರಂಥಿಯದೇ ಲೈಪೇಸ್ ಅಳೆಯುವ ಸಿಪಿಎಲ್ ಎಂಬ ಪರೀಕ್ಷೆ ಇದೆ, ಅದು ಲಭ್ಯವಿದೆಯೇ ಎಂದು ಕೇಳಿ. ಕ್ಲಿನಿಕ್ಕಿನಲ್ಲೇ ಮಾಡುವ ಸಿಪಿಎಲ್ ಕಿಟ್ ನೆಗೆಟಿವ್ ಬಂದರೆ ಪ್ಯಾಂಕ್ರಿಯಾಟೈಟಿಸ್ ಇರುವ ಸಾಧ್ಯತೆ ಕಡಿಮೆ. ಪಾಸಿಟಿವ್ ಬಂದರೆ ಅದೊಂದನ್ನೇ ನಂಬದೆ ಲಕ್ಷಣ, ಸ್ಕ್ಯಾನ್ ಜೊತೆ ಸೇರಿಸಿ ನೋಡುತ್ತಾರೆ. ನಿಮ್ಮ ಊರಿನಲ್ಲಿ ಈ ಪರೀಕ್ಷೆ ಇಲ್ಲದಿದ್ದರೆ ಚಿಕಿತ್ಸೆ ನಿಲ್ಲಿಸಿ ಕಾಯಬೇಕಿಲ್ಲ.

ಚಿಕಿತ್ಸೆಯ ಬೆನ್ನೆಲುಬು ಮೂರು: ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್ (ಮಾರೋಪಿಟಂಟ್ ಅಥವಾ ಒಂಡಾನ್ಸೆಟ್ರಾನ್), ನೋವಿನ ಇಂಜೆಕ್ಷನ್. ಇದನ್ನು ಬೇಗ ಗುಣಪಡಿಸುವ ಆಂಟಿಬಯಾಟಿಕ್ ಇಲ್ಲ. ಸೋಂಕು ಇದೆ ಎಂಬ ಗುರುತಿದ್ದರೆ ಮಾತ್ರ ಅದು ಬೇಕು. "ನೋವಿಗೆ ಏನು ಕೊಡ್ತಿದ್ದೀರಿ ಡಾಕ್ಟ್ರೇ" ಎಂದು ಧೈರ್ಯವಾಗಿ ಕೇಳಿ. ನೋವು ಇಳಿಯದೆ ನಾಯಿ ತಿನ್ನುವುದಿಲ್ಲ, ತಿನ್ನದೆ ಕರುಳು ಚೇತರಿಸಿಕೊಳ್ಳುವುದಿಲ್ಲ.

ಮೊದಲೆಲ್ಲ ಈ ನಾಯಿಗಳನ್ನು ದಿನಗಟ್ಟಲೆ ಉಪವಾಸ ಇಡುತ್ತಿದ್ದರು. ಈಗ ವಾಂತಿ ಹಿಡಿತಕ್ಕೆ ಬಂದ ಕೂಡಲೇ, ಸಾಧ್ಯವಾದರೆ ಒಂದೆರಡು ದಿನದೊಳಗೆ, ಸ್ವಲ್ಪ ಸ್ವಲ್ಪ ಊಟ ಶುರು ಮಾಡುತ್ತಾರೆ. ಜೂಲಿಗೆ ಎರಡನೇ ದಿನ ಸಂಜೆ ಮೊದಲ ತುತ್ತು ಕೊಟ್ಟೆವು. ನಾಲ್ಕನೇ ದಿನ ಮನೆಗೆ ಹೋದಳು.

## ಹಂತ 10: ಮನೆಗೆ ಬಂದ ಮೇಲೆ ಊಟ

ಗುಣವಾಗುತ್ತಿದ್ದ ನಾಯಿ ಮತ್ತೆ ಕೆಡುವುದು ಹೆಚ್ಚಾಗಿ ಇಲ್ಲೇ. "ಸಪ್ಪೆ ಊಟ ಕೊಡಿ" ಅಂದರೆ ಕೋಳಿಯನ್ನು ಚರ್ಮದ ಸಮೇತ ಬೇಯಿಸಿ, ಆ ನೀರಿನಲ್ಲೇ ಅನ್ನ ಕಲಸುತ್ತಾರೆ. ಖಾರ ಇಲ್ಲ, ನಿಜ. ಜಿಡ್ಡು ಮಾತ್ರ ಅಷ್ಟೂ ಅದರಲ್ಲೇ ಇದೆ. ಇಲ್ಲಿ ಮುಖ್ಯವಾದದ್ದು ಖಾರ ಅಲ್ಲ, ಜಿಡ್ಡು.

ಚರ್ಮ ತೆಗೆದ ಎದೆಭಾಗದ ಕೋಳಿ ಮಾಂಸ ತೆಗೆದುಕೊಂಡು, ಕಾಣುವ ಬಿಳಿ ಕೊಬ್ಬನ್ನೆಲ್ಲ ಕತ್ತರಿಸಿ, ಬರೀ ನೀರಿನಲ್ಲಿ ಬೇಯಿಸಿ. ಉಪ್ಪು, ಅರಿಶಿನ, ಬೆಳ್ಳುಳ್ಳಿ ಏನೂ ಬೇಡ. ಬೆಂದ ನೀರನ್ನು ಚೆಲ್ಲಿ. ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಮೆತ್ತಗೆ ಬೆಂದ ಅನ್ನದ ಜೊತೆ ಕಲಸಿ. ಅಳತೆ ಎರಡು ಪಾಲು ಅನ್ನಕ್ಕೆ ಒಂದು ಪಾಲು ಮಾಂಸ. ಮಾಂಸ ತಿನ್ನದ ಮನೆಯಾದರೆ ಕೋಳಿಯ ಬದಲಿಗೆ ಏನು ಎಂದು ಡಾಕ್ಟರನ್ನು ಕೇಳಿ. ಪನೀರ್ ಹಾಕಬೇಡಿ, ಅಂಗಡಿಯ ಪನೀರಿನಲ್ಲಿ ಕೊಬ್ಬು ಜಾಸ್ತಿ.

ಜೂಲಿಯ ಲೆಕ್ಕ ಹೀಗೆ. ಅವಳ ಸರಿಯಾದ ತೂಕಕ್ಕೆ ದಿನಕ್ಕೆ ಸುಮಾರು 850 ಕ್ಯಾಲೊರಿ. 400 ಗ್ರಾಂ ಅನ್ನ, 200 ಗ್ರಾಂ ಬೆಂದ ಮಾಂಸ ಸೇರಿದರೆ ಅಷ್ಟಾಗುತ್ತದೆ. ಆದರೆ ಮೊದಲ ದಿನ ಅದರ ಕಾಲು ಭಾಗ ಮಾತ್ರ, ಅಂದರೆ 100 ಗ್ರಾಂ ಅನ್ನ ಮತ್ತು 50 ಗ್ರಾಂ ಮಾಂಸ, ಅದನ್ನೂ ಐದು ಸಲಕ್ಕೆ ಹಂಚಿ. ಒಂದು ಸಲಕ್ಕೆ ಬರುವುದು ಎರಡು ಚಮಚದಷ್ಟು. ವಾಂತಿಯಿಲ್ಲದೆ ದಿನ ಕಳೆದರೆ ಮರುದಿನ ಅರ್ಧ, ಆಮೇಲೆ ಮುಕ್ಕಾಲು, ನಾಲ್ಕನೇ ದಿನ ಪೂರ್ತಿ. ಹಸಿವಿನಿಂದ ಕಣ್ಣಲ್ಲೇ ಬೇಡುತ್ತದೆ, ಆದರೂ ಅಳತೆ ದಾಟಬೇಡಿ.

ಈ ಅನ್ನ ಕೋಳಿ ತಿಂಗಳುಗಟ್ಟಲೆ ಕೊಡುವ ಊಟವಲ್ಲ, ಇದರಲ್ಲಿ ಕ್ಯಾಲ್ಸಿಯಂ ಮತ್ತಿತರ ಅಂಶ ಸಾಲದು. ಒಂದೆರಡು ವಾರದ ನಂತರ ಡಾಕ್ಟರ್ ಹೇಳಿದ ಕಡಿಮೆ ಕೊಬ್ಬಿನ ನಾಯಿ ಆಹಾರಕ್ಕೆ ಬದಲಾಯಿಸಿ. ಹೊಸದನ್ನು ಒಂದೇ ದಿನದಲ್ಲಿ ಬದಲಾಯಿಸದೆ, ಒಂದು ವಾರ ಹಳೆಯದರ ಜೊತೆ ಬೆರೆಸುತ್ತಾ ಹೋಗಿ. ಮಾತ್ರೆಯನ್ನು ಬೆಣ್ಣೆಯಲ್ಲಿ, ಚೀಸಿನಲ್ಲಿ ಅಡಗಿಸಿ ಕೊಡುವ ಅಭ್ಯಾಸ ಇದ್ದರೆ ಬಿಡಿ. ಅನ್ನದ ಉಂಡೆಯಲ್ಲಿ ಇಟ್ಟು ಕೊಡಿ.

## ಮನೆಗೆ ಬಂದ ಮೇಲೂ ಕಣ್ಣಿಡಬೇಕಾದ್ದು

ಎರಡನೇ ವಾಂತಿ, ಮತ್ತೆ ಬಾಗಿದ ಬೆನ್ನು, ಸತತ ಎರಡು ಹೊತ್ತು ಊಟ ಬಿಡುವುದು ಕಂಡರೆ ಅವತ್ತೇ ವಾಪಸ್ ತೋರಿಸಿ. ಕಣ್ಣಿನ ಬಿಳಿಭಾಗ, ಕಿವಿಯ ಒಳಗಿನ ಚರ್ಮ ಹಳದಿಯಾದರೆ ಊದಿದ ಗ್ರಂಥಿ ಪಿತ್ತನಾಳವನ್ನು ಒತ್ತುತ್ತಿರಬಹುದು. ವಾಂತಿ ನಿಂತು ನಾಯಿ ಚೆನ್ನಾಗಿ ಕಂಡರೂ ಇದನ್ನು ತಡಮಾಡಬಾರದು. ಕೆಲವು ವಾರಗಳ ನಂತರ ನೀರು ಕುಡಿಯುವುದು, ಉಚ್ಚೆ ಹೊಯ್ಯುವುದು ಜಾಸ್ತಿಯಾದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಇನ್ಸುಲಿನ್ ತಯಾರಾಗುವುದೂ ಇದೇ ಗ್ರಂಥಿಯಲ್ಲಿ.

ಪೂರ್ತಿ ಗುಣವಾದ ಮೇಲೆ ರಕ್ತದ ಕೊಬ್ಬಿನಂಶವಾದ ಟ್ರೈಗ್ಲಿಸರೈಡ್ ಒಮ್ಮೆ ಪರೀಕ್ಷೆ ಮಾಡಿಸಿ. 12 ಗಂಟೆ ಏನೂ ತಿನ್ನಿಸದೆ ರಕ್ತ ತೆಗೆಸಬೇಕು, ನೀರು ಕೊಡಬಹುದು. ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಗ್ಗೆ ಎಂಟರ ನಂತರ ಹೋದರೆ ಸರಿಯಾಗುತ್ತದೆ. ಇನ್ಸುಲಿನ್ ನಡೆಯುತ್ತಿರುವ ನಾಯಿಯಾದರೆ ಡಾಕ್ಟರನ್ನು ಕೇಳದೆ ಉಪವಾಸ ಬೇಡ. ಟ್ರೈಗ್ಲಿಸರೈಡ್ ಹೆಚ್ಚೇ ಇದ್ದರೆ ಆ ನಾಯಿಗೆ ಕಡಿಮೆ ಕೊಬ್ಬಿನ ಊಟ ಜೀವನಪೂರ್ತಿ. ಜೂಲಿಯದು ಹೆಚ್ಚಿತ್ತು. ಈಗ ಅವಳ ಮನೆಯಲ್ಲಿ ಹಬ್ಬದ ದಿನ ಎಲೆ ಎತ್ತುವವರೆಗೂ ಅವಳನ್ನು ಮಹಡಿಯ ಕೋಣೆಯಲ್ಲಿ ಬಿಟ್ಟು, ಬಾಗಿಲ ಹೊರಗೆ "ಏನೂ ಕೊಡಬೇಡಿ" ಎಂದು ಬರೆದು ಅಂಟಿಸುತ್ತಾರೆ, ಮತ್ತು ಕಸದ ಚೀಲವನ್ನು ಅವಳು ಕೆಳಗಿಳಿಯುವ ಮೊದಲೇ ಹೊರಗೆ ಸಾಗಿಸುತ್ತಾರೆ.